ಬಾಯಿ ಅವರದು, ಮಾತು ನಮ್ಮದು: ಕಾರ್ಟೂನಿಗೆ ಕನ್ನಡ ಕೂಡಿಸೋದು ಹೆಂಗ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ಸೋಲಿನಿಂದ ಶುರು ಮಾಡ್ತೀನಿ. ಸಿಂಧನೂರಿನ ನಾನು, ಲಿಂಗಸುಗೂರಿನ ಗೆಳೆಯ, ಮಸ್ಕಿಯ ಗೆಳತಿ, ಮೂವರೂ ಸೇರಿ ಆರು ನಿಮಿಷದ ಒಂದು ಇಂಗ್ಲಿಷ್ ಅನಿಮೇಷನ್ ಕಿರುಚಿತ್ರವನ್ನ ಕನ್ನಡಕ್ಕೆ ಡಬ್ ಮಾಡಿದ್ವಿ. ಚಿತ್ರ ಮಾಡಿದವರು ಪರಿಚಯದವರೇ, ಒಪ್ಪಿಗೆ ಕೊಟ್ಟಿದ್ರು. ಮಸ್ಕಿಯಲ್ಲಿ ಗೆಳತಿ ಮನೆ ಅಂಗಳದಾಗ ಓಣಿ ಹುಡುಗರನ್ನ ಕೂಡಿಸಿ ತೋರಿಸಿದ್ವಿ. ನಗಬೇಕಾದ ಜಾಗದಾಗ ಒಬ್ಬರೂ ನಗಲಿಲ್ಲ. ಯಾಕ ನಗಲಿಲ್ಲ, ಆಮೇಲೆ ಏನು ಬದಲಾಯಿಸಿದ್ವಿ, ಅದೇ ಇವತ್ತಿನ ವಿಷಯ.

ಕಥೆ ಸಣ್ಣದು. ಒಬ್ಬ ಅಜ್ಜ, ಒಬ್ಬಳು ಮೊಮ್ಮಗಳು, ಒಂದು ಆಡಿನ ಮರಿ. ದೂರದೂರಿಗೆ ದುಡಿಯಾಕ ಹೋದ ತಾಯಿಯಿಂದ ಪತ್ರ ಬರುತ್ತೆ. ಅಜ್ಜ ನೋಡೋದ್ರೊಳಗ ಮರಿ ಅದನ್ನ ತಿಂದುಬಿಡುತ್ತೆ. ಪತ್ರ ಎಲ್ಲಿ ಅಂತ ಅಜ್ಜ ಕೇಳಿದಾಗ ಹುಡುಗಿ ಮರಿ ಕಡೆ ಬೆರಳು ತೋರಿಸ್ತಾಳೆ. ಅಜ್ಜ: "ಯೂರ್ ಕಿಡ್ಡಿಂಗ್!" ಹುಡುಗಿ: "ನೋ, ಹೀಸ್ ದ ಕಿಡ್." ಇಂಗ್ಲಿಷಿನಲ್ಲಿ 'ಕಿಡ್' ಅಂದ್ರೆ ಆಡಿನ ಮರಿ, 'ಕಿಡ್ಡಿಂಗ್' ಅಂದ್ರೆ ಚೇಷ್ಟೆ ಮಾಡೋದು. ಒಂದೇ ಶಬ್ದದ ಆಟ.

ನಾವು ಮೊದಲ ಸಲ ಅರ್ಥ ನೋಡಿ ಬರೆದಿದ್ವಿ: "ತಮಾಷೆ ಮಾಡ್ತಿದ್ದೀಯಾ?" "ಇಲ್ಲ, ಅದು ಮೇಕೆಮರಿ." ಅರ್ಥ ಸರಿ, ಆದರೆ ಆಟ ಹೋಯ್ತು. ಬಾಯಿನೂ ಕೂಡಲಿಲ್ಲ. "ಯೂರ್ ಕಿಡ್ಡಿಂಗ್" ಅನ್ನೋದ್ರಲ್ಲಿ ಮೂರೇ ಉಚ್ಚಾರಣೆ, ನಮ್ಮ ಸಾಲಿನಲ್ಲಿ ಏಳು. ಅಷ್ಟೇ ಹೊತ್ತಿನಾಗ ಏಳನ್ನೂ ತುರುಕಿದಾಗ ಅಜ್ಜ ಬಸ್ ಹಿಡಿಯೋ ಅವಸರದಾಗ ಇದ್ದಂಗೆ ಕೇಳಿಸ್ತು.

ಅದಕ್ಕಿಂತ ದೊಡ್ಡ ತಪ್ಪು 'ಮ'ದ್ದು. ಕನ್ನಡಿ ಮುಂದೆ ನಿಂತು ಪ, ಬ, ಮ ಅಂದು ನೋಡ್ರಿ. ಮೂರಕ್ಕೂ ತುಟಿ ಪೂರ್ತಿ ಮುಚ್ಚಲೇಬೇಕು. ಕ, ತ, ಡ ಅಂದಾಗ ಮುಚ್ಚಲ್ಲ. ನೋಡುವವರ ಕಣ್ಣು ಹಿಡಿಯೋದು ಮೊದಲು ಇದನ್ನೇ. 'ತಮಾಷೆ ಮಾಡ್ತಿದ್ದೀಯಾ'ದಲ್ಲಿ ಎರಡು 'ಮ' ಇವೆ. ಪರದೆ ಮೇಲೆ ಅಜ್ಜನ ತುಟಿ ಒಮ್ಮೆಯೂ ಮುಚ್ಚಲ್ಲ. ಸ್ವರ ಸ್ವಲ್ಪ ಆಚೀಚೆ ಆದ್ರೆ ನಡೆಯುತ್ತೆ, ತುಟಿ ಮುಚ್ಚೋದು ತಪ್ಪಿದ್ರೆ ನಡೆಯಲ್ಲ.

ಹಂಗಾಗಿ ಎರಡನೇ ಸಲ ಮಾತು ಬರೆಯೋಕೆ ಮುಂಚೆ ಧ್ವನಿ ಬಂದ್ ಮಾಡಿ ಚಿತ್ರ ನೋಡಿದ್ವಿ. ಪ್ರತಿ ಸಾಲಿಗೂ ಮೂರೇ ಸಂಗತಿ ಬರ್ಕೊಂಡ್ವಿ: ಬಾಯಿ ಯಾವಾಗ ತೆರೀತು, ಯಾವಾಗ ನಿಂತ್ತು, ನಡುವೆ ತುಟಿ ಎಲ್ಲಿ ಮುಚ್ಚಿತು. ಬಾಯಿ ಕಾಣದ ಜಾಗಕ್ಕೆ, ಅಂದ್ರೆ ಬೆನ್ನು ತಿರುಗಿಸಿದಾಗ ಅಥವಾ ಕ್ಯಾಮೆರಾ ಬೇರೆಯವರ ಮೇಲೆ ಇದ್ದಾಗ, ಒಂದು ಚುಕ್ಕಿ ಹಾಕಿದ್ವಿ. ಆ ಚುಕ್ಕಿಗಳೇ ನಮ್ಮ ಉಳಿತಾಯ. ಅಲ್ಲಿ ಎಷ್ಟು ಮಾತಾದ್ರೂ ಸೇರಿಸಬಹುದು.

ಈಗ ಜೋಕಿಗೆ ಬರೋಣ. ಪರಿಹಾರ ಕೊಟ್ಟದ್ದು ಮಸ್ಕಿಯ ಗೆಳತಿ. "ಮೇಕೆ ಅಂತ ಯಾರಂತಾರಲೇ ನಮ್ಮ ಮನ್ಯಾಗ? ಆಡು ಅನ್ನು" ಅಂದ್ಲು. ಆಡು ಅಂದ್ರೆ ಪ್ರಾಣಿ, ಆಡು ಅಂದ್ರೆ ಆಟ ಆಡೋದೂ ಹೌದು! ಹೊಸ ಸಾಲು ಹಿಂಗಾಯ್ತು. ಅಜ್ಜ: "ನನ್ ಕೂಡ ಆಟ... ಆಡ್ತೀಯೇನ್?" ಹುಡುಗಿ: "ನಾನಲ್ಲ, ಆಡು!" 'ನನ್ ಕೂಡ ಆಟ' ಅನ್ನೋ ಹೊತ್ತಿಗೆ ಕ್ಯಾಮೆರಾ ಇನ್ನೂ ಮರಿ ಮೇಲೆ ಇರುತ್ತೆ, ಅಂದ್ರೆ ಅದು ಚುಕ್ಕಿ ಹಾಕಿದ ಜಾಗ. ಅಜ್ಜನ ಮುಖ ಬಂದಾಗ ಉಳಿಯೋದು 'ಆಡ್ತೀಯೇನ್' ಮಾತ್ರ. ಮೂರು ಉಚ್ಚಾರಣೆ, ತುಟಿ ಎಲ್ಲೂ ಮುಚ್ಚಲ್ಲ. ಹುಡುಗಿಯ ಸಾಲು ಮೂಲಕ್ಕಿಂತ ಒಂದು ಉಚ್ಚಾರಣೆ ಉದ್ದ, ಆದರೆ ಕೊನೆಗೆ ಅವಳು ಮರಿ ಕಡೆ ತಿರುಗ್ತಾಳೆ, ಬಾಯಿ ಕಾಣಲ್ಲ. ನಷ್ಟವೂ ಆಯ್ತು. ಪರದೆ ಮೇಲಿರೋದು ಸಣ್ಣ ಮರಿ, ನಾವು ಅಂದದ್ದು ಆಡು. ಆ ಬೆಲೆ ಕೊಡೋಕೆ ಒಪ್ಪಿದ್ವಿ.

ಇನ್ನು ಅಳು. ಕೊನೆಗೆ ಹುಡುಗಿ, ಮರಿ ತಿನ್ನೋ ಮುಂಚೆ ತಾನು ಓದಿದ್ದನ್ನ ಅಜ್ಜನಿಗೆ ಹೇಳ್ತಾಳೆ. ಮುಖ ಪರದೆ ತುಂಬಾ ಇದೆ: "ಗ್ರ್ಯಾಂಡ್‌ಪಾ... ಶೀಸ್ ಕಮಿಂಗ್ ಹೋಮ್." ಮೊದಲ ಶಬ್ದಕ್ಕೇ ಜಗಳ. ನಾನು 'ತಾತ' ಅಂದೆ, ಲಿಂಗಸುಗೂರಿನವ 'ಮುತ್ಯಾ' ಅಂದ. ಬಾಯಿ ಎರಡನ್ನೂ ಒಪ್ಪಲಿಲ್ಲ. ತಾತದಲ್ಲಿ ತುಟಿ ಮುಚ್ಚಲ್ಲ, ಮುತ್ಯಾದಲ್ಲಿ ಮೊದಲೇ ಮುಚ್ಚುತ್ತೆ. ನಮಗೆ ಬೇಕಿದ್ದದ್ದು ಎರಡನೇ ಉಚ್ಚಾರಣೆಗೆ ಮುಚ್ಚೋ ಶಬ್ದ. ಸಿಕ್ಕಿದ್ದು 'ಯಪ್ಪಾ'. ನಮ್ಮ ಕಡೆ ಅಪ್ಪನನ್ನೂ ಹಿರಿಯರನ್ನೂ ಹಂಗೇ ಕರೀತೀವಿ. ನೋವಾದಾಗ ತಾನಾಗೇ ಬಾಯಿಂದ ಬರೋದೂ ಅದೇ.

ಮುಂದಿನದು "ಅವ್ವ ಬರ್ತಾಳ". 'ಕಮಿಂಗ್'ನ 'ಮ' ಇರೋ ಜಾಗಕ್ಕೇ ನಮ್ಮ 'ಬ' ಬಂದು ಕೂತ್ತು. ಆದರೆ 'ಹೋಮ್' ಮುಗಿಯೋದು ತುಟಿ ಮುಚ್ಚಿ. ಕನ್ನಡದ ಶಬ್ದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತೆ, ಬಾಯಿ ತೆರೆದೇ ಉಳಿಯುತ್ತೆ. ಅವ್ವನ ಬದಲು 'ಬರ್ತಾಳ ಅಮ್ಮ' ಅಂದ್ರೆ ಕೊನೆಗೆ ಒಂದು 'ಮ' ಸಿಗ್ತಿತ್ತು. ಆದರೆ ಈ ಹುಡುಗಿ 'ಅಮ್ಮ' ಅನ್ನೋಳಲ್ಲ. ಅವ್ವನನ್ನ ಬಿಡಲಿಲ್ಲ. 'ಬರ್ತಾಳ' ಆದಮೇಲೆ ತುಟಿ ಬಿಗಿಹಿಡಿದು ಬಿಕ್ಕು ನುಂಗಿಸಿದ್ವಿ. ಮುಚ್ಚಿದ ತುಟಿಗೆ ಕಾರಣ ಸಿಕ್ಕಿತು.

ಬಿಕ್ಕು ಅಂದಾಗ ನೆನಪಾಯ್ತು. ಚಿತ್ರದವರು ನಮಗೆ ಕೊಟ್ಟದ್ದು ಸಂಗೀತ ಮತ್ತು ಸದ್ದುಗಳ ಟ್ರ್ಯಾಕ್. ಅದರಲ್ಲಿ ಗಾಳಿ, ಹೆಜ್ಜೆ, ಬಾಗಿಲು ಎಲ್ಲಾ ಇತ್ತು, ಪಾತ್ರಗಳ ಉಸಿರು ಇರಲಿಲ್ಲ. ಉಸಿರು ಮಾತಿನ ಜೊತೆ ಹೋಗಿರುತ್ತೆ. ಮೊದಲ ಸಲ ನಾವು ಬರೀ ಮಾತು ರೆಕಾರ್ಡ್ ಮಾಡಿದ್ವಿ. ಹುಡುಗಿ ಎದೆ ಏರಿಳಿಯೋದು ಕಾಣ್ತಿತ್ತು, ಏನೂ ಕೇಳ್ತಿರಲಿಲ್ಲ, ಗೊಂಬೆ ಅತ್ತಂಗೆ. ಎರಡನೇ ಸಲ ಉಸಿರು, ಮೂಗೆಳೆತ, 'ಹ್ಞಾ', ಎಲ್ಲಾ ಬೇರೆ ಸಾಲುಗಳಂತೆ ಬರೆದು ರೆಕಾರ್ಡ್ ಮಾಡಿದ್ವಿ.

ಕೊನೆಗೆ ಜೋಡಣೆ. ಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮ್, ಒಂದು ಫ್ರೇಮ್ ಅಂದ್ರೆ ಸುಮಾರು 42 ಮಿಲಿಸೆಕೆಂಡ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂಚೆ ಬಂದ್ರೆ ಜನಕ್ಕೆ ಗೊತ್ತಾಗೋಕೆ ಶುರುವಾಗುತ್ತೆ. ತಡವಾದ್ರೆ 125ರ ತನಕ ಗೊತ್ತಾಗಲ್ಲ. ಮಿಂಚು ಮೊದಲು, ಗುಡುಗು ಆಮೇಲೆ. ಲೋಕದಲ್ಲಿ ಸದ್ದು ಯಾವಾಗಲೂ ಹಿಂದೆಯೇ ಬರೋದು, ನಮಗೆ ಅದೇ ರೂಢಿ. ಅದಕ್ಕೇ ಅನುಮಾನ ಇದ್ದ ಕಡೆಯೆಲ್ಲ ಮಾತನ್ನ ಒಂದು ಫ್ರೇಮ್ ಹಿಂದಕ್ಕೆ ಸರಿಸಿದ್ವಿ, ಮುಂದಕ್ಕೆ ಸರಿಸಲಿಲ್ಲ.

ನಮ್ಮ ಮೊದಲ ಸ್ಕ್ರಿಪ್ಟಿನಲ್ಲಿ 'ತಮಾಷೆ', 'ಮೇಕೆಮರಿ' ಯಾಕೆ ಬಂದವು? ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ಅಡ್ಡಿ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಅಡ್ಡಿ ತಪ್ಪು ಅಂತ ತೀರ್ಪು ಕೊಡ್ತು. ಮಕ್ಕಳಿಗೆ ಕನ್ನಡ ಕಾರ್ಟೂನ್ ತಂದ ಚಿಂಟು ಟಿವಿ ಶುರುವಾದದ್ದೇ 2009ರಲ್ಲಿ. ನಾನು ಕಾರ್ಟೂನಿನಲ್ಲಿ ಕೇಳಿದ ಕನ್ನಡ ಬೆಂಗಳೂರು ಕಡೇದು. ಪೆನ್ನು ಹಿಡಿದ ತಕ್ಷಣ ಕೈ ಅದನ್ನೇ ಬರೀತು.

ಮತ್ತೆ ಮಸ್ಕಿ, ಅದೇ ಅಂಗಳ. "ನಾನಲ್ಲ, ಆಡು" ಅಂದಾಗ ಹುಡುಗರು ನಕ್ಕರು. ಹಿಂದೆ ಒಬ್ಬಾಕೆ ಅಜ್ಜಿ ಕೂತಿದ್ರು, ಮಗಳು ದುಡಿಯಾಕ ಬೆಂಗಳೂರಿಗೆ ಹೋಗ್ಯಾಳ. 'ಅವ್ವ ಬರ್ತಾಳ' ಆದಮೇಲೆ ಅವರು ತುಟಿ ನೋಡ್ತಿರಲಿಲ್ಲ. ಸೆರಗಿನಿಂದ ಕಣ್ಣು ಒರೆಸ್ಕೊಂಡು ಕೇಳಿದ್ದು ಒಂದೇ ಮಾತು: "ಯಾವಾಗ ಬರ್ತಾಳಂತ?"