612ನ್ನು ಹಿಡಿದು 675ನ್ನು ಬಿಡುವ ಸರ್ಕ್ಯೂಟ್

ತಂತಿಯ ಸುರುಳಿಯೊಂದರ ಎರಡು ತುದಿಗಳಿಗೆ ಒಂದು ಕಂಡೆನ್ಸರಿನ ಎರಡು ತುದಿಗಳನ್ನು ಜೋಡಿಸಿದರೆ ಪ್ಯಾರಲಲ್ ಟ್ಯೂನ್ಡ್ ಸರ್ಕ್ಯೂಟ್ ಆಗುತ್ತದೆ. ಮೀಡಿಯಂ ವೇವ್ ರೇಡಿಯೊದಲ್ಲಿ ಕಪ್ಪು ಫೆರೈಟ್ ಕಡ್ಡಿಯ ಮೇಲೆ ಸುತ್ತಿದ ಸುರುಳಿಯೂ ಟ್ಯೂನಿಂಗ್ ಗುಂಡಿಯ ಹಿಂದಿರುವ ಗ್ಯಾಂಗ್ ಕಂಡೆನ್ಸರೂ ಸೇರಿ ಆಗಿರುವುದು ಇದೇ. ಹತ್ತಾರು ಕೇಂದ್ರಗಳ ಅಲೆಗಳು ಆ ಕಡ್ಡಿಗೆ ಒಟ್ಟಿಗೇ ಬಂದು ತಾಗುತ್ತವೆ. ಅವುಗಳಲ್ಲಿ ಬೇಕಾದದ್ದನ್ನು ಎತ್ತಿಕೊಟ್ಟು ಉಳಿದವನ್ನು ಅಡಗಿಸುವುದು ಈ ಜೋಡಿಯ ಕೆಲಸ.

ಸುರುಳಿ ತನ್ನಲ್ಲಿ ಹರಿಯುವ ಕರೆಂಟಿನ ಬದಲಾವಣೆಯನ್ನು ತಡೆಯುತ್ತದೆ. ಆವೃತ್ತಿ ಏರಿದಷ್ಟೂ ಆ ತಡೆ ಹೆಚ್ಚು. ಕಂಡೆನ್ಸರಿನದು ಇದಕ್ಕೆ ತಿರುಗುಮುರುಗು: ಆವೃತ್ತಿ ಏರಿದಷ್ಟೂ ತಡೆ ಇಳಿಯುತ್ತದೆ. ಹಾಗಾಗಿ ಎರಡರ ತಡೆಯೂ ಸರಿಸಮನಾಗುವ ಆವೃತ್ತಿ ಒಂದು ಇದ್ದೇ ಇರುತ್ತದೆ. ಅದೇ ಅನುರಣನ ಆವೃತ್ತಿ. ಅಲ್ಲಿ ಎರಡು ಕವಲುಗಳ ಕರೆಂಟುಗಳು ಸಮನಾಗಿದ್ದು ವಿರುದ್ಧ ದಿಕ್ಕಿನಲ್ಲಿ ಹರಿಯುತ್ತವೆ. ಕಂಡೆನ್ಸರ್ ಬಿಟ್ಟುಕೊಟ್ಟ ಶಕ್ತಿಯನ್ನು ಸುರುಳಿ ಪಡೆಯುತ್ತದೆ, ಸುರುಳಿ ಬಿಟ್ಟದ್ದನ್ನು ಕಂಡೆನ್ಸರ್ ಪಡೆಯುತ್ತದೆ. ಹೊರಗಿನಿಂದ ಬೇಕಾಗುವುದು ನಡುವೆ ಸೋರಿಹೋದಷ್ಟು ಮಾತ್ರ. ಆದ್ದರಿಂದ ಹೊರಗಿನಿಂದ ನೋಡಿದರೆ ಆ ಆವೃತ್ತಿಯಲ್ಲಿ ಸರ್ಕ್ಯೂಟಿನ ಇಂಪಿಡೆನ್ಸ್ ಗರಿಷ್ಠ, ಅದರ ತುದಿಗಳ ನಡುವಿನ ವೋಲ್ಟೇಜೂ ಗರಿಷ್ಠ.

ಲೆಕ್ಕದ ಸೂತ್ರ ಚಿಕ್ಕದು:

f = 1 / (2π√(LC))

ಇಲ್ಲಿ L ಎಂದರೆ ಸುರುಳಿಯ ಪ್ರೇರಕತೆ, C ಎಂದರೆ ಕಂಡೆನ್ಸರಿನ ಧಾರಕತೆ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಆವೃತ್ತಿ 612 ಕಿಲೋಹರ್ಟ್ಸ್. ಫೆರೈಟ್ ಕಡ್ಡಿಯ ಸುರುಳಿ 200 ಮೈಕ್ರೊಹೆನ್ರಿಯದಾದರೆ, ಆ ಕೇಂದ್ರ ಸಿಗಲು ಕಂಡೆನ್ಸರನ್ನು ಸುಮಾರು 338 ಪಿಕೊಫ್ಯಾರಡ್‌ಗೆ ತಿರುಗಿಸಬೇಕು. ಆಗ ಸುರುಳಿಯ ತಡೆಯೂ ಕಂಡೆನ್ಸರಿನ ತಡೆಯೂ ತಲಾ 769 ಓಮ್.

ಸುರುಳಿಯ ತಂತಿಗೆ ಪ್ರತಿರೋಧವೂ ಇದೆ. ನಿಷ್ಠುರವಾಗಿ ನೋಡಿದರೆ ಅದು ಅನುರಣನ ಆವೃತ್ತಿಯನ್ನು ತುಸು ಕೆಳಗೆ ಎಳೆಯುತ್ತದೆ. ಒಳ್ಳೆಯ ಸುರುಳಿಯಲ್ಲಿ ಈ ವ್ಯತ್ಯಾಸ 612 ಕಿಲೋಹರ್ಟ್ಸ್‌ಗೆ ಮೂವತ್ತು ಹರ್ಟ್ಸ್‌ನಷ್ಟು, ಲೆಕ್ಕಕ್ಕೇ ಬಾರದು. ಪ್ರತಿರೋಧದ ನಿಜವಾದ ಪರಿಣಾಮ ಕಾಣುವುದು ಬೇರೆ ಕಡೆ, ಕ್ಯೂ ಫ್ಯಾಕ್ಟರ್ ಎಂಬ ಗುಣಾಂಕದಲ್ಲಿ.

ಸುರುಳಿಯ ತಡೆಯನ್ನು ಅದರ ಪ್ರತಿರೋಧದಿಂದ ಭಾಗಿಸಿದರೆ ಕ್ಯೂ ಸಿಗುತ್ತದೆ. ಮೇಲಿನ ಸುರುಳಿಯ ಪ್ರತಿರೋಧ 7.7 ಓಮ್ ಎಂದುಕೊಂಡರೆ ಕ್ಯೂ 100. ಮಲ್ಟಿಮೀಟರ್ ಹಿಡಿದು ಈ 7.7 ಓಮನ್ನು ಅಳೆಯಲಾಗದು. ಹೆಚ್ಚು ಆವೃತ್ತಿಯಲ್ಲಿ ಕರೆಂಟು ತಂತಿಯ ಹೊರಮೈಯಲ್ಲಷ್ಟೇ ಹರಿಯುವುದರಿಂದ ಪ್ರತಿರೋಧ ಏರುತ್ತದೆ. ಫೆರೈಟ್‌ನಲ್ಲಾಗುವ ನಷ್ಟವೂ ಅದರಲ್ಲೇ ಸೇರಿರುತ್ತದೆ. ಒಂದೇ ದಪ್ಪ ತಂತಿಯ ಬದಲು, ಪ್ರತ್ಯೇಕವಾಗಿ ಇನ್ಸುಲೇಷನ್ ಹಚ್ಚಿದ ಕೂದಲೆಳೆಯಂಥ ತಂತಿಗಳನ್ನು ಹೆಣೆದ ಲಿಟ್ಜ್ ತಂತಿಯನ್ನು ಇಲ್ಲಿ ಬಳಸುವುದು ಈ ಕಾರಣಕ್ಕೇ. ಹತ್ತಿಪ್ಪತ್ತು ಎಳೆಗಳಲ್ಲಿ ಒಂದೆರಡು ಬೆಸುಗೆಗೆ ಸಿಗದೆ ತುಂಡಾಗಿ ಉಳಿದರೂ ನಷ್ಟ ಹೆಚ್ಚಿ ಕ್ಯೂ ಇಳಿಯುತ್ತದೆ. ರೇಡಿಯೊ ಹಾಡುತ್ತಲೇ ಇರುವುದರಿಂದ ಈ ದೋಷ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಕ್ಯೂ 100 ಇದ್ದರೆ ಅನುರಣನದಲ್ಲಿ ಸರ್ಕ್ಯೂಟಿನ ಇಂಪಿಡೆನ್ಸ್ 769 ಓಮ್‌ನ ನೂರು ಪಟ್ಟು, ಅಂದರೆ ಸುಮಾರು 77 ಕಿಲೋಓಮ್. ಬ್ಯಾಂಡ್‌ವಿಡ್ತ್ ಅಳೆಯುವುದು ಈ ಶಿಖರದಿಂದ ಕೆಳಗಿಳಿದು. ವೋಲ್ಟೇಜ್ ಗರಿಷ್ಠದ ಶೇ. 70.7ಕ್ಕೆ ಇಳಿಯುವ ಬಿಂದು ಆಚೆಗೊಂದು, ಈಚೆಗೊಂದು ಸಿಗುತ್ತದೆ. ಅಲ್ಲಿ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ಆ ಎರಡು ಬಿಂದುಗಳ ನಡುವಿನ ಅಂತರವೇ ಬ್ಯಾಂಡ್‌ವಿಡ್ತ್. ಅನುರಣನ ಆವೃತ್ತಿಯನ್ನು ಕ್ಯೂನಿಂದ ಭಾಗಿಸಿದರೂ ಅದೇ ಸಂಖ್ಯೆ ಬರುತ್ತದೆ: 612ನ್ನು 100ರಿಂದ ಭಾಗಿಸಿದರೆ 6.12 ಕಿಲೋಹರ್ಟ್ಸ್.

ಇಷ್ಟೂ ಸರ್ಕ್ಯೂಟ್ ಒಂಟಿಯಾಗಿದ್ದಾಗಿನ ಮಾತು. ಅದಕ್ಕೆ ಮುಂದಿನ ಟ್ರಾನ್ಸಿಸ್ಟರನ್ನು ಜೋಡಿಸಿದ ಕೂಡಲೇ ಚಿತ್ರ ಬದಲಾಗುತ್ತದೆ, ಹೊಸಬರ ರೇಡಿಯೊಗಳು ಕೆಡುವುದೂ ಹೆಚ್ಚಾಗಿ ಇಲ್ಲಿಯೇ. ಟ್ರಾನ್ಸಿಸ್ಟರಿನ ಬೇಸ್ ಕಡೆಯ ಪ್ರತಿರೋಧ 2 ಕಿಲೋಓಮ್ ಎಂದುಕೊಳ್ಳೋಣ. ಅದನ್ನು ನೇರವಾಗಿ ಸುರುಳಿಗೆ ಅಡ್ಡ ಕಟ್ಟಿದರೆ 77 ಕಿಲೋಓಮ್‌ಗೆ ಪ್ಯಾರಲಲ್ ಆಗಿ 2 ಕಿಲೋಓಮ್ ಬಂದಂತಾಗಿ, ಒಟ್ಟು 2 ಕಿಲೋಓಮ್‌ಗಿಂತ ಕಡಿಮೆ ಉಳಿಯುತ್ತದೆ. ಕ್ಯೂ 100ರಿಂದ ಎರಡೂವರೆಗೆ ಕುಸಿಯುತ್ತದೆ. ಬ್ಯಾಂಡ್‌ವಿಡ್ತ್ 240 ಕಿಲೋಹರ್ಟ್ಸ್ ದಾಟುತ್ತದೆ. ಭದ್ರಾವತಿ ಕೇಂದ್ರದ ಆವೃತ್ತಿ 675, ಬೆಂಗಳೂರಿನದಕ್ಕಿಂತ 63 ಕಿಲೋಹರ್ಟ್ಸ್ ಮೇಲೆ. ಇಷ್ಟು ಅಗಲವಾದ ಸರ್ಕ್ಯೂಟಿನಲ್ಲಿ 675ರ ಸಂಕೇತವೂ ಸುಮಾರು ಶೇ. 90ರಷ್ಟು ನುಸುಳಿ ಬರುತ್ತದೆ. ಗುಂಡಿಯನ್ನು ಎಷ್ಟು ತಿರುಗಿಸಿದರೂ ಎರಡು ಕೇಂದ್ರಗಳು ಒಂದರ ಮೇಲೊಂದು ಕೇಳುತ್ತಿವೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಈ ಹೊರೆಯನ್ನು.

ಪರಿಹಾರ ಅದೇ ಕಡ್ಡಿಯ ಮೇಲೆ ಸುತ್ತುವ ಚಿಕ್ಕದೊಂದು ಎರಡನೆಯ ಸುರುಳಿ. ಮುಖ್ಯ ಸುರುಳಿಗೆ 60 ಸುತ್ತು, ಇದಕ್ಕೆ 6 ಸುತ್ತು ಎಂದಿದ್ದರೆ, ಇದಕ್ಕೆ ಕಟ್ಟಿದ ಹೊರೆ ಮುಖ್ಯ ಸುರುಳಿಗೆ ಸುತ್ತುಗಳ ಅನುಪಾತದ ವರ್ಗದಷ್ಟು ದೊಡ್ಡದಾಗಿ ಕಾಣುತ್ತದೆ. ಎರಡು ಸುರುಳಿಗಳು ಒಂದಕ್ಕೊಂದು ಒತ್ತಾಗಿದ್ದರೆ 2 ಕಿಲೋಓಮ್ ಈಗ 200 ಕಿಲೋಓಮ್‌ನಂತೆ ವರ್ತಿಸುತ್ತದೆ. 77ಕ್ಕೆ 200 ಪ್ಯಾರಲಲ್ ಆದರೆ ಸುಮಾರು 56 ಕಿಲೋಓಮ್, ಕ್ಯೂ 72, ಬ್ಯಾಂಡ್‌ವಿಡ್ತ್ 8.5 ಕಿಲೋಹರ್ಟ್ಸ್. 675ರ ಸಂಕೇತ ಈಗ ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆರೇ ಸುತ್ತು ತಂತಿ ಇಷ್ಟು ಕೆಲಸ ಮಾಡುತ್ತದೆ.

ಹಾಗೆಂದು ಕ್ಯೂ ಎಷ್ಟು ಹೆಚ್ಚಿದರೂ ಒಳ್ಳೆಯದೇ ಎನ್ನುವಂತಿಲ್ಲ. ಮೀಡಿಯಂ ವೇವ್‌ನಲ್ಲಿ ಮಾತು ಮತ್ತು ಸಂಗೀತ 612ರ ಎರಡೂ ಬದಿಗೆ ಹರಡಿಕೊಂಡಿರುತ್ತವೆ. 4 ಕಿಲೋಹರ್ಟ್ಸ್‌ನ ಸದ್ದು 608ರಲ್ಲೂ 616ರಲ್ಲೂ ಇರುತ್ತದೆ. ಕ್ಯೂ 200 ಆದರೆ ಬ್ಯಾಂಡ್‌ವಿಡ್ತ್ ಬರೀ 3 ಕಿಲೋಹರ್ಟ್ಸ್. ಆ ಸದ್ದು ಮೂರನೇ ಒಂದರಷ್ಟಕ್ಕೆ ತಗ್ಗುತ್ತದೆ. ವಾರ್ತೆ ಓದುವವರ ‘ಸ’, ‘ಶ’ಗಳ ಮೊನಚು ಹೋಗಿ, ಮಾತು ಕಂಬಳಿ ಹೊದ್ದಂತೆ ಕೇಳುತ್ತದೆ.

ಇವನ್ನೆಲ್ಲ ಮೇಜಿನ ಮೇಲೆ ಅಳೆಯಬಹುದು. ಸಿಗ್ನಲ್ ಜನರೇಟರನ್ನು 1 ಮೆಗಾಓಮ್‌ನಂಥ ದೊಡ್ಡ ರೆಸಿಸ್ಟರಿನ ಮೂಲಕ ಸರ್ಕ್ಯೂಟಿಗೆ ಜೋಡಿಸಿ, ಆಸಿಲೋಸ್ಕೋಪಿನಲ್ಲಿ ಗರಿಷ್ಠ ವೋಲ್ಟೇಜ್ ಹುಡುಕಬೇಕು. ಬಳಿಕ ಎರಡೂ ಕಡೆ ಅದು ಶೇ. 70.7ಕ್ಕೆ ಇಳಿಯುವ ಆವೃತ್ತಿಗಳನ್ನು ಬರೆದುಕೊಂಡು ಕಳೆದರೆ ಬ್ಯಾಂಡ್‌ವಿಡ್ತ್ ಸಿಗುತ್ತದೆ; ಅದರಿಂದ ಕ್ಯೂ. ರೆಸಿಸ್ಟರ್ ಚಿಕ್ಕದಾದರೆ ಜನರೇಟರೇ ಹೊರೆಯಾಗಿ ಕ್ಯೂ ಕೆಳಗೆ ತೋರುತ್ತದೆ. ಆಸಿಲೋಸ್ಕೋಪಿನ ಪ್ರೋಬನ್ನೂ ಮರೆಯುವಂತಿಲ್ಲ. ಅದು 10 ಪಿಕೊಫ್ಯಾರಡ್ ಧಾರಕತೆಯನ್ನು ತಂದರೆ 338 ಇದ್ದದ್ದು 348 ಆಗಿ, ಅನುರಣನ 612ರಿಂದ 603ಕ್ಕೆ ಸರಿಯುತ್ತದೆ. ಮೀಡಿಯಂ ವೇವ್ ಕೇಂದ್ರಗಳ ನಡುವೆ ಬಿಡುವ ಕನಿಷ್ಠ ಅಂತರವೂ 9 ಕಿಲೋಹರ್ಟ್ಸೇ. ಪ್ರೋಬನ್ನು ಮುಟ್ಟಿಸಿ ಟ್ಯೂನ್ ಮಾಡಿದ ರೇಡಿಯೊ, ಪ್ರೋಬ್ ತೆಗೆದಾಗ ಒಂದು ಚಾನೆಲ್ ಆಚೆ ನಿಂತಿರುತ್ತದೆ.

ಒಂದೇ ಸುರುಳಿಯಿಂದ ಇಡೀ ಬ್ಯಾಂಡನ್ನು ಸಮನಾಗಿ ಆಳಲು ಮಾತ್ರ ಆಗುವುದಿಲ್ಲ. ಕ್ಯೂ 72ರಲ್ಲೇ ನಿಂತಿತೆಂದುಕೊಂಡರೂ 531 ಕಿಲೋಹರ್ಟ್ಸ್‌ನಲ್ಲಿ 7.4 ಇದ್ದ ಬ್ಯಾಂಡ್‌ವಿಡ್ತ್ 1602ರಲ್ಲಿ 22ಕ್ಕೆ ಹಿಗ್ಗುತ್ತದೆ. ಅಕ್ಕಪಕ್ಕದ ಕೇಂದ್ರಗಳು ಅದರೊಳಗೇ ಬಂದುಬಿಡುತ್ತವೆ. ಸೂಪರ್‌ಹೆಟರೊಡೈನ್ ರೇಡಿಯೊ ಈ ತೊಡಕನ್ನು ಬಿಡಿಸುವುದು, ಬಂದ ಕೇಂದ್ರ ಯಾವುದೇ ಇರಲಿ ಅದನ್ನು ಒಂದೇ ಆವೃತ್ತಿಗೆ, ಸಾಮಾನ್ಯವಾಗಿ 455 ಕಿಲೋಹರ್ಟ್ಸ್‌ಗೆ, ಬದಲಿಸಿಕೊಂಡು. ರೇಡಿಯೊದ ಬೋರ್ಡಿನ ಮೇಲೆ ತಗಡಿನ ಪುಟ್ಟ ಡಬ್ಬಿಗಳಲ್ಲಿ ಕೂತಿರುವ ಐಎಫ್‌ಟಿಗಳು ಆ ಒಂದೇ ಆವೃತ್ತಿಗೆ ಹೊಂದಿಸಿಟ್ಟ ಪ್ಯಾರಲಲ್ ಟ್ಯೂನ್ಡ್ ಸರ್ಕ್ಯೂಟುಗಳು. ಅವುಗಳ ಅನುರಣನ ಕದಲುವುದಿಲ್ಲವಾದ್ದರಿಂದ, ಅಲ್ಲಿ ಸುಮಾರು 50ರ ಕ್ಯೂ ಇದ್ದರೆ ಡಯಲಿನ ಯಾವ ತುದಿಯಲ್ಲಿರುವ ಕೇಂದ್ರಕ್ಕೂ 9 ಕಿಲೋಹರ್ಟ್ಸ್‌ನ ಒಂದೇ ಬ್ಯಾಂಡ್‌ವಿಡ್ತ್ ಸಿಗುತ್ತದೆ.