ಒಂದೋ ಐದೋ: ತುದಿಗೇ ಟಿಕ್ ಹಾಕುವವರ ಮನಸ್ಸು ಓದುವುದು ಹೇಗೆ?

ಬ್ಯಾಂಕು, ಆಸ್ಪತ್ರೆ, ಕಾಲೇಜು, ಆನ್‌ಲೈನ್ ಅಂಗಡಿ, ಎಲ್ಲಿಗೆ ಹೋದರೂ ಈಗ ಕೊನೆಯಲ್ಲೊಂದು ಪ್ರಶ್ನೆ ಕಾದಿರುತ್ತದೆ: ನಮ್ಮ ಸೇವೆ ನಿಮಗೆ ಎಷ್ಟು ಹಿಡಿಸಿತು? ಒಂದರಿಂದ ಐದರವರೆಗೆ ಅಂಕ ಕೊಡಿ. ಅಮೆರಿಕದ ರೆನ್ಸಿಸ್ ಲೈಕರ್ಟ್ 1932ರಲ್ಲಿ ಜನರ ಮನೋಭಾವ ಅಳೆಯಲು ಇಂಥ ಮೆಟ್ಟಿಲು ಮೆಟ್ಟಿಲಾದ ಉತ್ತರಗಳ ವಿಧಾನವನ್ನು ಮುಂದಿಟ್ಟರು. ಈ ವಿಧಾನದ ಹಿಂದೆ ಒಂದು ನಂಬಿಕೆಯಿದೆ: ಇಬ್ಬರು ‘ಐದು’ ಎಂದರೆ ಇಬ್ಬರ ಮೆಚ್ಚುಗೆಯೂ ಒಂದೇ ಮಟ್ಟದ್ದು. ಆದರೆ ಕೆಲವರಿಗೆ ಯಾವ ಪ್ರಶ್ನೆ ಕೇಳಿದರೂ ಸ್ಕೇಲಿನ ತುದಿಗೇ ಹೋಗುವ ಅಭ್ಯಾಸ. ಇಷ್ಟವಾದರೆ ಐದು, ಆಗದಿದ್ದರೆ ಒಂದು. ಇನ್ನು ಕೆಲವರು ಎಷ್ಟೇ ಮೆಚ್ಚಿದರೂ ನಾಲ್ಕು ದಾಟುವುದಿಲ್ಲ, ಎಷ್ಟೇ ಬೇಸರವಾದರೂ ಎರಡಕ್ಕಿಂತ ಕೆಳಗಿಳಿಯುವುದಿಲ್ಲ.

ಈ ಅಭ್ಯಾಸ ಲೆಕ್ಕವನ್ನು ಎಷ್ಟು ಕೆಡಿಸಬಲ್ಲದು ಎಂದು ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎರಡು ಊರು, ಪ್ರತಿ ಊರಿನಲ್ಲಿ ಹತ್ತು ಜನ. ಎರಡೂ ಕಡೆ ಬಸ್ ಸೇವೆಯ ಬಗ್ಗೆ ಇರುವ ಅಭಿಪ್ರಾಯ ಒಂದೇ: ಆರು ಜನರಿಗೆ ತೃಪ್ತಿ, ಇಬ್ಬರಿಗೆ ಅತೃಪ್ತಿ, ಇಬ್ಬರದು ಯಾವ ಕಡೆಗೂ ಇಲ್ಲದ ಮನಸ್ಸು. ಮೊದಲ ಊರಿನವರು ತುದಿ ಮುಟ್ಟದವರು. ಅವರ ಉತ್ತರ ಆರು ನಾಲ್ಕು, ಎರಡು ಮೂರು, ಎರಡು ಎರಡು. ಸರಾಸರಿ 3.4. ಎರಡನೆಯ ಊರಿನವರು ತುದಿ ಹಿಡಿಯುವವರು. ಅವರದು ಆರು ಐದು, ಎರಡು ಮೂರು, ಎರಡು ಒಂದು. ಸರಾಸರಿ 3.8. ‘ಐದು ಕೊಟ್ಟವರು ಎಷ್ಟು ಮಂದಿ’ ಎಂದು ಮಾತ್ರ ಎಣಿಸುವ ಕಂಪನಿಗೆ ಮೊದಲ ಊರಿನಲ್ಲಿ ಸೊನ್ನೆ, ಎರಡನೆಯದರಲ್ಲಿ ನೂರಕ್ಕೆ ಅರವತ್ತು. ಬಸ್ಸೂ ಅದೇ, ಜನರ ಅನಿಸಿಕೆಯೂ ಅದೇ. ಬೇರೆಯಾಗಿರುವುದು ಟಿಕ್ ಹಾಕುವ ರೀತಿಯೊಂದೇ.

ಈಗ ಅದೇ ಜನರನ್ನು ಅವರಿಗೆ ಹಿಡಿಸದ ಒಂದರ ಬಗ್ಗೆ, ಬಸ್ ನಿಲ್ದಾಣದ ಶೌಚಾಲಯದ ಬಗ್ಗೆ ಕೇಳೋಣ. ಎರಡೂ ಊರಿನಲ್ಲಿ ಆರು ಜನರಿಗೆ ಅತೃಪ್ತಿ, ಇಬ್ಬರಿಗೆ ತೃಪ್ತಿ, ಇಬ್ಬರು ನಡುವೆ ಎಂದಿಟ್ಟುಕೊಳ್ಳಿ. ಮೊದಲ ಊರಿನ ಸರಾಸರಿ 2.6, ಎರಡನೆಯದರದ್ದು 2.2. ಬಸ್ಸಿನ ವಿಷಯದಲ್ಲಿ ಹೆಚ್ಚು ತೃಪ್ತರಂತೆ ಕಂಡವರೇ ಇಲ್ಲಿ ಹೆಚ್ಚು ಸಿಟ್ಟಾದವರಂತೆ ಕಾಣುತ್ತಾರೆ. ತುದಿ ಹಿಡಿಯುವ ಅಭ್ಯಾಸದ ಗುರುತೇ ಇದು: ಮೆಚ್ಚಿದ್ದನ್ನು ಮೇಲಕ್ಕೂ ಮೆಚ್ಚದ್ದನ್ನು ಕೆಳಕ್ಕೂ ಒಟ್ಟಿಗೇ ತಳ್ಳುತ್ತದೆ. ಎಲ್ಲದಕ್ಕೂ ‘ಹೌದು ಹೌದು’ ಎನ್ನುವ ಅಭ್ಯಾಸ ಬೇರೆಯೇ. ಅಂಥವರು ‘ಬಸ್ ಹೊತ್ತಿಗೆ ಸರಿಯಾಗಿ ಬರುತ್ತದೆ’ ಎಂಬ ಮಾತಿಗೂ ‘ಬಸ್ ಯಾವಾಗಲೂ ತಡ’ ಎಂಬ ಮಾತಿಗೂ ಒಪ್ಪಿಗೆ ಕೊಟ್ಟುಬಿಡುತ್ತಾರೆ. ತುದಿ ಹಿಡಿಯುವವರು ಹಾಗೆ ಮಾಡುವುದಿಲ್ಲ. ಮೊದಲನೆಯದಕ್ಕೆ ಐದು ಕೊಟ್ಟರೆ ಎರಡನೆಯದಕ್ಕೆ ಒಂದು.

ಹಾಗಾದರೆ ಇಂಥ ಅಭ್ಯಾಸ ದೇಶದಿಂದ ದೇಶಕ್ಕೆ ಬದಲಾಗುತ್ತದೆಯೇ? ಚುವಾನ್‌ಶೆಂಗ್ ಚೆನ್, ಶಿನ್‌ಯಿಂಗ್ ಲೀ ಮತ್ತು ಹೆರಾಲ್ಡ್ ಸ್ಟೀವನ್‌ಸನ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ಜಪಾನಿನ ಸೆಂಡೈ, ತೈವಾನಿನ ತೈಪೆ, ಅಮೆರಿಕದ ಮಿನಿಯಾಪೊಲಿಸ್ ಮತ್ತು ಕೆನಡಾದಲ್ಲಿ ಹನ್ನೊಂದನೇ ತರಗತಿಯ ಸಾವಿರಾರು ಮಕ್ಕಳಿಗೆ ಏಳು ಮೆಟ್ಟಿಲಿನ ಸ್ಕೇಲ್ ಕೊಟ್ಟಿದ್ದರು. ಜಪಾನ್ ಮತ್ತು ತೈವಾನಿನ ವಿದ್ಯಾರ್ಥಿಗಳು ಉತ್ತರ ಅಮೆರಿಕದವರಿಗಿಂತ ಹೆಚ್ಚಾಗಿ ನಡುವಿನ ಅಂಕ ಆರಿಸಿದರು. ಉಳಿದ ಮೂರೂ ಕಡೆಯವರಿಗಿಂತ ಹೆಚ್ಚಾಗಿ ತುದಿಗೆ ಹೋದವರು ಅಮೆರಿಕದವರು. ಒಂದೊಂದು ದೇಶದ ಒಳಗೂ, ವ್ಯಕ್ತಿಯ ಸ್ವಂತಿಕೆಗೆ ಹೆಚ್ಚು ಬೆಲೆ ಕೊಡುವ ವಿದ್ಯಾರ್ಥಿಗಳೇ ತುದಿಯ ಅಂಕಗಳನ್ನು ಹೆಚ್ಚಾಗಿ ಬಳಸಿದ್ದರು. ಅಂದರೆ ಈ ಅಭ್ಯಾಸವನ್ನು ಪಾಸ್‌ಪೋರ್ಟ್ ಒಂದೇ ನಿರ್ಧರಿಸುವುದಿಲ್ಲ.

ಅದೇ ಅಧ್ಯಯನದ ಇನ್ನೊಂದು ಮಾತು ಅಷ್ಟಾಗಿ ಸುದ್ದಿಯಾಗುವುದಿಲ್ಲ, ಆದರೆ ನೆನಪಿಡಬೇಕಾದದ್ದು. ಈ ವ್ಯತ್ಯಾಸಗಳು ಒಟ್ಟಾರೆ ಸಣ್ಣವೇ. ದೇಶ ದೇಶಗಳ ಸರಾಸರಿಗಳನ್ನು ಹೋಲಿಸಿದಾಗ ಬಂದ ತೀರ್ಮಾನಗಳನ್ನು ಅವು ಬದಲಿಸಲಿಲ್ಲ. ಹಾಗಾಗಿ ಎರಡು ದೇಶಗಳ ಅಂಕ ಬೇರೆ ಬಂದ ಕೂಡಲೇ ‘ಅದೆಲ್ಲ ಟಿಕ್ ಹಾಕುವ ಅಭ್ಯಾಸ ಅಷ್ಟೇ’ ಎಂದು ತಳ್ಳಿಹಾಕುವುದೂ ಅವಸರವೇ.

ಸ್ಕೇಲಿನ ಉದ್ದವೂ ಇಲ್ಲಿ ಆಟವಾಡುತ್ತದೆ. ಹ್ಯಾರಿ ಹುಯಿ ಮತ್ತು ಹ್ಯಾರಿ ಟ್ರಿಯಾಂಡಿಸ್ 1989ರಲ್ಲಿ ಅಮೆರಿಕದ ಹಿಸ್ಪಾನಿಕ್ ಜನರನ್ನೂ ಇತರರನ್ನೂ ಹೋಲಿಸಿದರು. ಐದು ಮೆಟ್ಟಿಲಿನ ಸ್ಕೇಲಿನಲ್ಲಿ ಹಿಸ್ಪಾನಿಕ್ ಜನ ತುದಿಯನ್ನು ಹೆಚ್ಚು ಆರಿಸಿದ್ದರು. ಹತ್ತು ಮೆಟ್ಟಿಲು ಕೊಟ್ಟಾಗ ಆ ವ್ಯತ್ಯಾಸ ಉಳಿಯಲಿಲ್ಲ. ಮನಸ್ಸಿನಲ್ಲಿರುವ ಹಲವು ಹಂತಗಳನ್ನು ಐದೇ ಮನೆಗಳಲ್ಲಿ ತುಂಬಬೇಕಾದಾಗ, ‘ತುಂಬಾ’ ಎನ್ನುವ ಮನೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ರೂಢಿಯಂತೆ ತೀರ್ಮಾನಿಸುತ್ತಾರೆ.

ಆದರೆ ಪುಟ್ಟ ಮಕ್ಕಳಿಗೆ ಈ ಮದ್ದು ನಾಟುವುದಿಲ್ಲ. ಕ್ರಿಸ್ಟೀನ್ ಚೇಂಬರ್ಸ್ ಮತ್ತು ಶಾರ್ಲಟ್ ಜಾನ್‌ಸ್ಟನ್ 2002ರಲ್ಲಿ ಐದರಿಂದ ಹನ್ನೆರಡು ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ಐದಾರು ವರ್ಷದವರು ದೊಡ್ಡ ಮಕ್ಕಳಿಗಿಂತ ಹೆಚ್ಚಾಗಿ ತುದಿಗೆ ಹೋದರು. ಕಣ್ಣಿಗೆ ಕಾಣುವ ವಸ್ತುಗಳನ್ನು ಅಳೆಯುವಾಗ ಅಷ್ಟಾಗಿ ಅಲ್ಲ, ಭಾವನೆಗಳ ಬಗ್ಗೆ ಕೇಳಿದಾಗ. ಉತ್ತರದ ಆಯ್ಕೆ ಮೂರಿದ್ದರೂ ಐದಿದ್ದರೂ ಹಾಗೆಯೇ. ಇಂಜೆಕ್ಷನ್ ಚುಚ್ಚಿಸಿಕೊಂಡ ಐದು ವರ್ಷದ ಕೂಸಿನ ಮುಂದೆ ನೋವಿನ ಮುಖಗಳ ಸಾಲು ಹಿಡಿದರೆ, ಅದು ಮೊದಲನೆಯದನ್ನೋ ಕೊನೆಯದನ್ನೋ ತೋರಿಸುವ ಸಂಭವ ಹೆಚ್ಚು. ಅದಕ್ಕೇ ಮೊದಲು ‘ನೋವಾಯ್ತಾ, ಇಲ್ವಾ?’ ಎಂದು ಕೇಳಿ, ಹೌದು ಎಂದರೆ ಮಾತ್ರ ‘ಸ್ವಲ್ಪಾನಾ, ತುಂಬಾನಾ?’ ಎಂದು ಮುಂದುವರಿಯುವುದು ಅವರಿಗೆ ಹೊಂದುವ ದಾರಿ.

ದೊಡ್ಡವರ ಹಲವು ಸಮೀಕ್ಷೆಗಳಲ್ಲಿ ವಯಸ್ಸಾದವರೂ ಶಾಲೆ ಕಡಿಮೆ ಕಲಿತವರೂ ತುದಿಯನ್ನು ಹೆಚ್ಚು ಆರಿಸಿರುವುದು ಕಂಡುಬಂದಿದೆ. ಇದಕ್ಕೆ ಹಲವು ಕಾರಣಗಳಿರಬಹುದು. ಐದೂ ಉತ್ತರಗಳನ್ನು ಬಾಯಲ್ಲೇ ಓದಿ ಹೇಳಿದರೆ ಎಲ್ಲವನ್ನೂ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ತೂಗುವುದು ಸುಲಭವಲ್ಲ. ಬದುಕು ಕಂಡವರ ಅಭಿಪ್ರಾಯ ನಿಜಕ್ಕೂ ಗಟ್ಟಿಯಾಗಿರಲೂಬಹುದು.

ಅಭ್ಯಾಸವನ್ನು ಅಭಿಪ್ರಾಯದಿಂದ ಬೇರ್ಪಡಿಸಲು ಸಂಶೋಧಕರು ಮುಖ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಒಂದಕ್ಕೊಂದು ಸಂಬಂಧವೇ ಇಲ್ಲದ ಪ್ರಶ್ನೆಗಳನ್ನು ಕೇಳುವುದು. ಎರಿಕ್ ಗ್ರೀನ್‌ಲೀಫ್ 1992ರಲ್ಲಿ ಇಂಥ ಹದಿನಾರು ಪ್ರಶ್ನೆಗಳ ಅಳತೆ ರೂಪಿಸಿದರು. ಅಡುಗೆ, ಪ್ರವಾಸ, ಹಣ, ಟಿವಿ, ಹೀಗೆ ಎಲ್ಲದಕ್ಕೂ ಒಬ್ಬರು ತುದಿಯನ್ನೇ ಹಿಡಿದರೆ ಅದು ವಿಷಯದ ಗುಣವಲ್ಲ, ಉತ್ತರಿಸುವವರ ರೂಢಿ. ಇನ್ನೊಂದು, ಪುಟ್ಟ ಕಥೆಗಳ ದಾರಿ. ‘ಈ ಮನುಷ್ಯನಿಗೆ ಎರಡು ಫರ್ಲಾಂಗು ನಡೆದರೆ ಮೊಣಕಾಲು ನೋಯುತ್ತದೆ. ಇವನ ತೊಂದರೆ ಎಷ್ಟು?’ ಎಂದು ಎಲ್ಲರಿಗೂ ಒಂದೇ ಕಥೆ ಹೇಳಿ ಅಂಕ ಕೇಳಿದರೆ, ಯಾರ ‘ತುಂಬಾ’ ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತಾಗುತ್ತದೆ. ಆಮೇಲೆ ಅವರು ತಮ್ಮ ಮೊಣಕಾಲಿಗೆ ಕೊಟ್ಟ ಅಂಕವನ್ನು ಆ ಕಥೆಗೆ ಹೋಲಿಸಿ ಓದಬಹುದು. ಐವತ್ತು ದಾಟಿದವರ ಆರೋಗ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳಲ್ಲಿ ನಡೆಸಿದ ಸಮೀಕ್ಷೆ ಇಂಥ ಕಥೆಗಳನ್ನು ಬಳಸಿತು. ಭಾರತದಲ್ಲಿ ಅದು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಎರಡೂ ದಾರಿಗಳಿಗೆ ಮಿತಿಯಿದೆ. ಕಥೆಯನ್ನು ಎಲ್ಲರೂ ಒಂದೇ ರೀತಿ ಅರ್ಥಮಾಡಿಕೊಂಡರೆ ಮಾತ್ರ ಹೋಲಿಕೆ ನಿಲ್ಲುತ್ತದೆ. ಇನ್ನು ಎಲ್ಲರ ಅಂಕಗಳನ್ನೂ ಗಣಿತದಿಂದ ಒಂದೇ ಹರವಿಗೆ ತಂದರೆ ಅಭ್ಯಾಸದ ಜೊತೆಗೆ ನಿಜವಾದ ತೀವ್ರತೆಯೂ ಅಳಿಸಿಹೋಗುತ್ತದೆ. ವಾರಕ್ಕೊಮ್ಮೆ ಮಾತ್ರ ನಲ್ಲಿ ನೀರು ಕಾಣುವ ಬಡಾವಣೆಯ ಹೆಣ್ಣುಮಗಳು ನೀರು, ಚರಂಡಿ, ರಸ್ತೆ ಮೂರಕ್ಕೂ ‘ಒಂದು’ ಕೊಟ್ಟರೆ ಅದನ್ನು ತುದಿ ಹಿಡಿಯುವ ರೂಢಿ ಎಂದು ತಿದ್ದಿಬಿಡುವುದು ಅನ್ಯಾಯ. ತಿದ್ದುವ ಮೊದಲು ಅವಳು ಬೇರೆ ವಿಷಯಗಳಿಗೆ ಏನು ಉತ್ತರಿಸಿದ್ದಾಳೆ ಎಂದು ನೋಡಬೇಕು. ಮಗಳ ಶಾಲೆಗೆ ನಾಲ್ಕು, ರೇಷನ್ ಅಂಗಡಿಗೆ ಮೂರು ಕೊಟ್ಟಿದ್ದರೆ, ಆ ಮೂರು ‘ಒಂದು’ಗಳನ್ನು ಕೊಟ್ಟ ಹಾಗೆಯೇ ಓದಬೇಕು.