ಪೆಟ್ಟಿಗೆ ಚುಚ್ಚಿದರೆ ಕರೆಂಟ್ ಬಿಲ್ ಅರ್ಧವಾಗುತ್ತದೆಯೇ?

‘ಈ ಪೆಟ್ಟಿಗೆ ಸಾಕೆಟ್‌ಗೆ ಚುಚ್ಚಿ, ಬಿಲ್ ಅರ್ಧ ಮಾಡಿ’ ಎಂಬ ವಿಡಿಯೊ ನಿಮಗೂ ಬಂದಿರಬಹುದು. ಅದರಲ್ಲಿ ಆಂಪಿಯರ್ ಇಳಿಯುವುದು ನಿಜ. ಬಿಲ್ ಇಳಿಯುತ್ತದೆ ಎಂಬುದು ಸುಳ್ಳು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳ ಬೋರ್‌ವೆಲ್ ಮೋಟಾರನ್ನೇ ಉದಾಹರಣೆಯಾಗಿ ನೋಡೋಣ. 230 ವೋಲ್ಟ್‌ನಲ್ಲಿ ಅದು 10 ಆಂಪಿಯರ್ ಎಳೆಯುತ್ತದೆ ಎನ್ನೋಣ. ಅದರಲ್ಲಿ ನೀರೆತ್ತುವ ಪಾಲು 8. ಕಾಂತಕ್ಷೇತ್ರಕ್ಕೆ ಹೋಗಿ ಮರಳುವ ಪಾಲು 6. ಇವೆರಡೂ ಒಂದಕ್ಕೊಂದು ಲಂಬವಾಗಿರುವುದರಿಂದ ಒಟ್ಟು 14 ಅಲ್ಲ, 10.

ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇರುವುದು ಕೆಪ್ಯಾಸಿಟರ್. ಸುಮಾರು 70 ಮೈಕ್ರೊಫ್ಯಾರಡ್‌ನದ್ದು 5 ಆಂಪಿಯರ್ ಎಳೆಯುತ್ತದೆ, ಆದರೆ ಮೋಟಾರಿನ ಆ 6ಕ್ಕೆ ವಿರುದ್ಧ ದಿಕ್ಕಿನಲ್ಲಿ. ಸಮಾಂತರ ಕವಲುಗಳನ್ನು ಕೂಡುವಾಗ 8 ಹಾಗೇ ಉಳಿದು, 6ರಲ್ಲಿ 5 ಕಳೆದು 1 ಆಗುತ್ತದೆ. ಮೀಟರ್ ಸುಮಾರು 8.1 ಆಂಪಿಯರ್ ತೋರಿಸುತ್ತದೆ.

ಒಂದು ವೋಲ್ಟ್‌ಗೆ ಎಷ್ಟು ಆಂಪಿಯರ್ ಎಂಬುದೇ ‘ಅಡ್ಮಿಟೆನ್ಸ್’. ಅದರಲ್ಲಿ ಕೆಲಸದ ಪಾಲು ‘ಕಂಡಕ್ಟೆನ್ಸ್’, ಹೋಗಿ ಮರಳುವ ಪಾಲು ‘ಸಸೆಪ್ಟೆನ್ಸ್’. ಎರಡನ್ನೂ ಬೇರೆಬೇರೆ ಕೂಡಬೇಕು.

ಮನೆ ಮೀಟರ್ ಯೂನಿಟ್ ಎಣಿಸುವುದು ಆ 8ರಿಂದ: 230 × 8 = 1840 ವಾಟ್. ಪೆಟ್ಟಿಗೆ ಹಾಕುವ ಮೊದಲೂ ಅಷ್ಟೇ, ನಂತರವೂ ಅಷ್ಟೇ.

ಹಾಗಾದರೆ ಕೆಪ್ಯಾಸಿಟರ್ ವ್ಯರ್ಥವೇ? ಅಲ್ಲ. ಮೋಟಾರಿನ ಬಳಿಯೇ ಹಾಕಿದರೆ, ಅಲ್ಲಿಯವರೆಗಿನ ಉದ್ದದ ವೈರ್ ಬಿಸಿಯಾಗಿ ಪೋಲಾಗುವ ವಿದ್ಯುತ್ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ. ಗೋಡೆಯ ಸಾಕೆಟ್‌ನಲ್ಲಿ ಹಾಕಿದರೆ ಮೋಟಾರಿನ ವೈರಿಗೆ ಆ ಲಾಭವಿಲ್ಲ. ಅತಿಯಾದರೂ ಕೆಡುಕೇ: ಕೆಪ್ಯಾಸಿಟರ್ 14 ಆಂಪಿಯರ್ ಎಳೆದರೆ ಒಟ್ಟು 11.3ಕ್ಕೆ ಏರುತ್ತದೆ.

ಇಂಥ ವಿಡಿಯೊ ಬಂದರೆ ಆಂಪಿಯರ್ ಬಿಡಿ, ವಾಟ್ ಎಷ್ಟೆಂದು ಕೇಳಿ.